ಪ್ರಾರ್ಥನಾ ಕಾರ್ಡಿನ ವಚನವನ್ನು ಮಕ್ಕಳಿಗೆ ಬಿಡಿಸಿ ಹೇಳುವುದು

ಪೂಜೆಯ ಜಗಲಿಯ ಮೇಲಿರುವ ಕಾರ್ಡಿನ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸಿ, "ಅಜ್ಜಾ, ಇದರ ಅರ್ಥ ಏನು?" ಎಂದು ಮೊಮ್ಮಕ್ಕಳು ಕೇಳುವ ಕಾಲವಿದು. ಅಂಥ ಕಾರ್ಡುಗಳಲ್ಲಿ ಹೆಚ್ಚಾಗಿ ಇರುವುದು ಕಳಬೇಡ, ಕೊಲಬೇಡ ಎಂದು ಏಳು 'ಬೇಡ'ಗಳನ್ನು ಹೇಳುವ ಬಸವಣ್ಣನವರ ವಚನ. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ.

ಮೊದಲು ಫೋಟೋ ಪೂರ್ತಿ ಇದೆಯೇ ನೋಡಿರಿ. ಹಲವು ಸಲ ಕೆಳಗಿನ ಸಾಲು ಕತ್ತರಿಸಿ ಹೋಗಿರುತ್ತದೆ. ಅಲ್ಲಿಯೇ ಇರುವುದು ಅಂಕಿತ: ಕೂಡಲಸಂಗಮದೇವ. ಕೃಷ್ಣಾ ಮಲಪ್ರಭೆಯರು ಕೂಡುವ ಕೂಡಲಸಂಗಮದ ದೇವರ ಹೆಸರದು. ವಚನ ಯಾರದೆಂದು ಅದರಿಂದ ತಿಳಿಯುತ್ತದೆ. ಆ ಸಾಲು ಇಲ್ಲದಿದ್ದರೆ ಮಗುವಿಗೆ ಇದು ಬರಿಯ ಶಾಲೆಯ ನೀತಿಪಾಠದಂತೆ ಕಾಣುತ್ತದೆ.

ಇನ್ನು ಶಬ್ದಾರ್ಥ. ಕಠಿಣ ಶಬ್ದವನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ತಮಗೆ ಗೊತ್ತಿದೆ ಎಂದುಕೊಂಡ ಶಬ್ದವನ್ನು ಕೇಳುವುದಿಲ್ಲ, ತಪ್ಪಾಗುವುದು ಅಲ್ಲಿಯೇ. 'ಮುನಿಯಬೇಡ' ಎಂದರೆ ಋಷಿಮುನಿ ನೆನಪಾಗುತ್ತಾನೆ. ಇಲ್ಲಿ ಮುನಿ ಎಂದರೆ ಸಿಟ್ಟಾಗು, ಮುನಿಸು ಎನ್ನುವುದೂ ಅದರಿಂದಲೇ. 'ಬಣ್ಣಿಸು' ಎಂದರೆ ಬಣ್ಣ ಹಚ್ಚುವುದಲ್ಲ, ವರ್ಣಿಸುವುದು. ತನ್ನನ್ನು ತಾನು ಹೊಗಳಿಕೊಳ್ಳಬಾರದು ಎಂದರ್ಥ. 'ಹಳಿ' ರೈಲಿನದಲ್ಲ, ನಿಂದಿಸುವುದು. 'ಇದಿರ' ಎಂದರೆ ಎದುರಿಗಿರುವವರನ್ನು. 'ಅಸಹ್ಯ'ಕ್ಕೆ ಇಂದು ಹೇಸಿಗೆ ಎಂಬ ಅರ್ಥವೇ ಬಳಕೆಯಲ್ಲಿದೆ. ಬಿಡಿಸಿದರೆ ಅ-ಸಹ್ಯ, ಸಹಿಸಲಾಗದ್ದು. ಬೇರೆಯವರನ್ನು ಕಂಡು ಸಹಿಸದೆ ಮುಖ ಸಿಂಡರಿಸಬೇಡ ಎಂದು ಹೇಳಿದರೆ ತರಗತಿಯಲ್ಲಿ ಕೂಡುವ ಮಗುವಿಗೆ ಕೂಡಲೇ ತಿಳಿಯುತ್ತದೆ.

ಹೀಗೆಂದು ವಚನದ ಶಬ್ದವನ್ನೇ ತೆಗೆದು ಹೊಸ ಶಬ್ದ ಇಡಬಾರದು. ಮೂಲವನ್ನು ಇದ್ದಂತೆ ಬರೆದು, ಅದರ ಕೆಳಗೆ ನೇರ ಅರ್ಥ, ಆಮೇಲೆ ನಮ್ಮ ವಿವರಣೆ, ಹೀಗೆ ಮೂರನ್ನೂ ಬೇರೆ ಬೇರೆಯಾಗಿ ಇಡಿರಿ. ಆಗ ಶರಣರ ಮಾತು ಯಾವುದು, ಅಜ್ಜನ ಮಾತು ಯಾವುದು ಎಂದು ಮಗುವಿಗೆ ಗೊತ್ತಾಗುತ್ತದೆ. ವಚನಕ್ಕೆ ತೋರಬೇಕಾದ ಗೌರವವೂ ಇದೇ.

ಕೊನೆಯ ಭಾಗದಲ್ಲಿ ಎಚ್ಚರ ಬೇಕು. ಕಳವು, ಕೊಲೆ ಬಿಡುವುದು ಬಹಿರಂಗ ಶುದ್ಧಿ, ಸಿಟ್ಟು ಬಿಡುವುದು ಅಂತರಂಗ ಶುದ್ಧಿ ಎಂದು ಕೆಲವರು ಪಾಲು ಹಾಕಿ ಹೇಳುತ್ತಾರೆ. ವಚನದಲ್ಲಿ ಆ ಪಾಲು ಇಲ್ಲ. ಏಳನ್ನೂ ಹೇಳಿ, ಇದೇ ಒಳಗಿನ ಶುದ್ಧಿ, ಇದೇ ಹೊರಗಿನ ಶುದ್ಧಿ ಎನ್ನುತ್ತಾರೆ ಅಣ್ಣನವರು. ಹೊರಗಿನ ಶುದ್ಧಿಗೂ ಸ್ನಾನ, ಮಡಿಯ ಮಾತು ಬರಲಿಲ್ಲ, ನಡತೆಯ ಮಾತು ಬಂತು.

ದೇವರನ್ನು 'ಒಲಿಸುವ ಪರಿ'ಯೂ ಅದೇ. ಪರಿ ಎಂದರೆ ರೀತಿ. ಒಲಿಸುವುದೆಂದರೆ ಏನೋ ಕೊಟ್ಟು ಕೆಲಸ ಮಾಡಿಸಿಕೊಳ್ಳುವುದಲ್ಲ, ಪ್ರೀತಿಗೆ ಪಾತ್ರರಾಗುವುದು. "ಹಾಗಾದರೆ ಕಾಯಿ, ಹೂವು ಬೇಡವೇ ಅಜ್ಜಾ?" ಎಂದು ಮಗು ಕೇಳಿದರೆ ಗದರಿಸಬೇಡಿರಿ. ವಚನ ಅವಳಿಗೆ ಅರ್ಥವಾಗಿದೆ ಎಂದು ತಿಳಿಯಿರಿ.