ಅರ್ಧದ ಫ್ಯಾಕ್ಟೋರಿಯಲ್
(ಸಂಘದ ವಿದ್ಯಾರ್ಥಿ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನನಗೆ ಕೊಟ್ಟಿರುವ ಸಮಯದಲ್ಲಿ ಒಂದೇ ಒಂದು ಲೆಕ್ಕವನ್ನು ಮಾಡಿ ತೋರಿಸಬೇಕೆಂದಿದ್ದೇನೆ. ಪಿ.ಯು. ಎರಡನೇ ವರ್ಷದಲ್ಲಿ ಅನುಕಲನ ಕಲಿತವರಿಗೆ ಇದರಲ್ಲಿ ಹೊಸ ಸೂತ್ರವೇನೂ ಇಲ್ಲ. ನೀವು 'ಬೈ ಪಾರ್ಟ್ಸ್' ಎಂದು ಕರೆಯುವ ಭಾಗಶಃ ಅನುಕಲನವೊಂದೇ ಸಾಕು. ಆದರೆ ಇದೇ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಮಾಡಿದರೆ, ಒಂದು ವಿಚಿತ್ರ ಪ್ರಶ್ನೆಗೆ ಉತ್ತರ ಸಿಗುತ್ತದೆ. ಪ್ರಶ್ನೆ ಇದು: 3ರ ಫ್ಯಾಕ್ಟೋರಿಯಲ್ 6, 4ರದು 24. ಹಾಗಾದರೆ ಅರ್ಧದ ಫ್ಯಾಕ್ಟೋರಿಯಲ್ ಎಷ್ಟು?

ಕೇಳಿದ ಕೂಡಲೇ ನಗು ಬರಬಹುದು. ಫ್ಯಾಕ್ಟೋರಿಯಲ್ ಎಂದರೆ 1ರಿಂದ ಆ ಸಂಖ್ಯೆಯವರೆಗಿನ ಎಲ್ಲ ಪೂರ್ಣಾಂಕಗಳ ಗುಣಲಬ್ಧ. ಅರ್ಧದವರೆಗೆ ಗುಣಿಸುವುದು ಹೇಗೆ? ಆದರೆ 1729ರಲ್ಲಿ ಆಯ್ಲರ್ ಎಂಬ ಯುವ ಗಣಿತಜ್ಞ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕುಳಿತು ಗೋಲ್ಡ್‌ಬಾಖ್‌ಗೆ ಬರೆದ ಪತ್ರದಲ್ಲಿ ಇದೇ ವಿಷಯವಿತ್ತು. 1, 2, 6, 24 ಎಂಬ ಈ ಸಾಲಿನ ನಡುವಿನ ಖಾಲಿ ಜಾಗಗಳಲ್ಲಿ ಯಾವ ಸಂಖ್ಯೆಗಳನ್ನು ಇಡಬೇಕು ಎಂಬುದು ಅಂದಿನ ಪ್ರಶ್ನೆ. ಮುಂದಿನ ವರ್ಷ, ಅಂದರೆ 1730ರ ಜನವರಿಯ ಪತ್ರದಲ್ಲಿ, ಅವನು ಒಂದು ಅನುಕಲನವನ್ನೇ ಉತ್ತರವಾಗಿ ಕೊಟ್ಟ. ಇಂದು ನಾವು ನೋಡುವುದು ಅದೇ ಅನುಕಲನದ ಇನ್ನೊಂದು ರೂಪ.

ಬೋರ್ಡಿನ ಮೇಲೆ ಬರೆಯುತ್ತೇನೆ.

I(n) = ∫₀^∞ xⁿ e⁻ˣ dx

ಇಲ್ಲಿ ಇಬ್ಬರ ಹಗ್ಗಜಗ್ಗಾಟ ನಡೆದಿದೆ. xⁿ ಮೇಲಕ್ಕೆ ಎಳೆಯುತ್ತದೆ, e⁻ˣ ಕೆಳಕ್ಕೆ ಎಳೆಯುತ್ತದೆ. n ಬೆಲೆ 3 ಎಂದು ಇಟ್ಟುಕೊಳ್ಳಿ. ವಕ್ರರೇಖೆ ಸೊನ್ನೆಯಿಂದ ಹೊರಟು x = 3 ಆದಾಗ ಸುಮಾರು 1.34ರ ಎತ್ತರಕ್ಕೆ ಏರುತ್ತದೆ, ಅಲ್ಲಿಂದ ಇಳಿಯುತ್ತಲೇ ಹೋಗುತ್ತದೆ. ಬಲಕ್ಕೆ ಎಷ್ಟು ದೂರ ಹೋದರೂ ಅದು x ಅಕ್ಷವನ್ನು ಮುಟ್ಟುವುದಿಲ್ಲ. ಆದರೂ ಅದರ ಕೆಳಗಿನ ವಿಸ್ತೀರ್ಣ ಒಂದು ನಿಶ್ಚಿತ ಸಂಖ್ಯೆ. ಆ ಸಂಖ್ಯೆ ಯಾವುದು ಎಂದು ಈಗ ಕಂಡುಹಿಡಿಯೋಣ.

ಭಾಗಶಃ ಅನುಕಲನದಲ್ಲಿ ಎರಡು ಭಾಗಗಳಲ್ಲಿ ಒಂದನ್ನು ಅವಕಲಿಸಬೇಕು, ಇನ್ನೊಂದನ್ನು ಅನುಕಲಿಸಬೇಕು. ಅವಕಲಿಸಿದಾಗ x³ ಎಂಬುದು 3x² ಆಗುತ್ತದೆ, ಒಂದು ಮೆಟ್ಟಿಲು ಇಳಿಯುತ್ತದೆ. e⁻ˣ ಅನ್ನು ಅನುಕಲಿಸಿದರೆ ಚಿಹ್ನೆ ಬದಲಾಗುತ್ತದೆ, ಅಷ್ಟೇ. ಆದ್ದರಿಂದ x³ ಅನ್ನು ಅವಕಲಿಸುವುದೇ ಸರಿ:

I(3) = [−x³ e⁻ˣ]₀^∞ + 3 ∫₀^∞ x² e⁻ˣ dx

ಬಲಗಡೆಯ ಎರಡನೇ ಪದ 3·I(2). ಮೊದಲನೆಯದನ್ನು ಅಂಚಿನ ಪದ ಎಂದು ಕರೆಯೋಣ. ಹೆಚ್ಚಿನ ವಿದ್ಯಾರ್ಥಿಗಳು ಅದರ ಮೇಲೆ ಒಂದು ಗೆರೆ ಎಳೆದು 'ಸೊನ್ನೆ' ಎಂದು ಬರೆದು ಮುಂದೆ ಹೋಗುತ್ತಾರೆ. ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಇಡೀ ವಿಷಯದ ಜೀವ ಇರುವುದು ಆ ಸೊನ್ನೆಯಲ್ಲಿ. x = 0 ಕಡೆಯಲ್ಲಿ ತೊಂದರೆಯಿಲ್ಲ, 0³ ಸೊನ್ನೆಯೇ. ಅನಂತದ ಕಡೆಯಲ್ಲಿ x³ ಬೆಟ್ಟದಂತೆ ಬೆಳೆಯುತ್ತಿದೆ, ಅಲ್ಲಿ ಯಾಕೆ ಸೊನ್ನೆ? eˣ ಶ್ರೇಣಿಯನ್ನು ನೆನಪಿಸಿಕೊಳ್ಳಿ. ಅದರಲ್ಲಿ x⁴/24 ಎಂಬ ಒಂದು ಪದವಿದೆ. X ಧನವಾದಾಗ ಉಳಿದ ಪದಗಳೆಲ್ಲ ಧನವೇ. ಹಾಗಾಗಿ eˣ ಎಂಬುದು x⁴/24ಕ್ಕಿಂತ ದೊಡ್ಡದು. ಅಂದರೆ x³ e⁻ˣ ಎಂಬುದು 24/xಗಿಂತ ಚಿಕ್ಕದು. x ಬೆಳೆದಂತೆ 24/x ಸೊನ್ನೆಗೆ ಹೋಗುತ್ತದೆ, ಇದೂ ಅದರ ಹಿಂದೆಯೇ ಹೋಗುತ್ತದೆ. 3ರ ಬದಲು 50ನೇ ಘಾತವಿದ್ದರೂ ಇದೇ ವಾದ ನಡೆಯುತ್ತದೆ, ಶ್ರೇಣಿಯಲ್ಲಿ 51ನೇ ಘಾತದ ಪದವನ್ನು ಹಿಡಿದರೆ ಸಾಕು.

ಈಗ ಮೆಟ್ಟಿಲು ಇಳಿಯುವುದಷ್ಟೇ ಬಾಕಿ. I(3) = 3·I(2), I(2) = 2·I(1), I(1) = 1·I(0). ಕೊನೆಯ I(0) ಎಂದರೆ e⁻ˣ ಒಂದರದೇ ಅನುಕಲನ, ಅದು 1. ಎಲ್ಲವನ್ನೂ ಸೇರಿಸಿದರೆ 3·2·1·1, ಅಂದರೆ 6. ಆ ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಸರಿಯಾಗಿ 3ರ ಫ್ಯಾಕ್ಟೋರಿಯಲ್. ಯಾವ ಪೂರ್ಣಾಂಕ n ತೆಗೆದುಕೊಂಡರೂ I(n) = n! ಬರುತ್ತದೆ. 0! = 1 ಎಂದು ನಿಮಗೆ ಹೇಳಿಕೊಟ್ಟಾಗ ಅದು ಒಂದು ಒಪ್ಪಂದದಂತೆ ಕಂಡಿರಬಹುದು. ಇಲ್ಲಿ ಅದು I(0)ಯ ಬೆಲೆಯಾಗಿ ತಾನೇ ಬಂದಿದೆ.

ಅನಂತದವರೆಗೆ ಹೋಗಲೇಬೇಕೇ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. T ಎಂಬ ಬಿಂದುವಿನಲ್ಲಿ ನಿಲ್ಲಿಸಿದರೆ ಪ್ರತಿ ಮೆಟ್ಟಿಲಲ್ಲೂ ಅಂಚಿನ ಪದ ಉಳಿದುಕೊಳ್ಳುತ್ತದೆ. ಲೆಕ್ಕ ಮಾಡಿದರೆ ಹೀಗೆ ಬರುತ್ತದೆ:

6 − e⁻ᵀ (T³ + 3T² + 6T + 6)

T = 5 ಎಂದಾಗ ಆವರಣದೊಳಗೆ 236; e⁻⁵ನಿಂದ ಗುಣಿಸಿದರೆ ಸುಮಾರು 1.59. ಅಂದರೆ ವಿಸ್ತೀರ್ಣ 4.41 ಮಾತ್ರ, ಕಾಲು ಭಾಗಕ್ಕಿಂತ ಹೆಚ್ಚು ಇನ್ನೂ ಹೊರಗೇ ಇದೆ. T = 10 ಆದಾಗ ಆವರಣದೊಳಗೆ 1366, ಆದರೂ ಕೊರತೆ ಸುಮಾರು 0.06. T = 20ರಲ್ಲಿ ಆವರಣದೊಳಗೆ 9326 ಇದ್ದರೂ ಕೊರತೆ 0.00002ರ ಆಸುಪಾಸಿಗೆ ಇಳಿದಿರುತ್ತದೆ. ಕ್ಯಾಲ್ಕುಲೇಟರ್ ಇರುವವರು ಮನೆಯಲ್ಲಿ ಮಾಡಿ ನೋಡಿ. ಹಗ್ಗಜಗ್ಗಾಟದಲ್ಲಿ ಯಾರು ಗೆಲ್ಲುತ್ತಾರೆಂದು ಕಣ್ಣಿಗೆ ಕಾಣುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನಾವು ಸಾಧಿಸಿದ ಸಂಬಂಧ ಇದು:

I(n) = n · I(n−1)

ಇದನ್ನು ಸಾಧಿಸುವಾಗ n ಪೂರ್ಣಾಂಕ ಎಂಬುದನ್ನು ಎಲ್ಲಿ ಬಳಸಿದೆವು? ಹಿಂದಿರುಗಿ ಒಂದೊಂದೇ ಹೆಜ್ಜೆ ನೋಡಿ. xⁿ ಅವಕಲಿಸಿದರೆ n xⁿ⁻¹, ಇದು ಭಿನ್ನರಾಶಿಗೂ ಸರಿ. e⁻ˣ ಯಾವ ಘಾತವನ್ನಾದರೂ ಸೋಲಿಸುತ್ತದೆ. x = 0 ಕಡೆಯಲ್ಲಿ xⁿ ಸೊನ್ನೆಯಾಗಲು n ಸೊನ್ನೆಗಿಂತ ದೊಡ್ಡದಿದ್ದರೆ ಸಾಕು. ಎಲ್ಲಿಯೂ ಪೂರ್ಣಾಂಕ ಬೇಕಾಗಲಿಲ್ಲ. ಕೊನೆಗೆ I(0)ಯಲ್ಲಿ ಬಂದು ನಿಂತಾಗ ಮಾತ್ರ ಅದು ಬೇಕಾಯಿತು. ಫ್ಯಾಕ್ಟೋರಿಯಲ್‌ಗೆ ಅರ್ಧ ಎಂದರೆ ಅರ್ಥವಿಲ್ಲ, ಆದರೆ ಈ ಅನುಕಲನಕ್ಕೆ ಅರ್ಥವಿದೆ. x ಬದಲು √x ಬರೆದರೂ ವಕ್ರರೇಖೆ ಇರುತ್ತದೆ, ಅದರ ಕೆಳಗೆ ವಿಸ್ತೀರ್ಣವೂ ಇರುತ್ತದೆ. ಅದನ್ನೇ ಅರ್ಧದ ಫ್ಯಾಕ್ಟೋರಿಯಲ್ ಎಂದು ಕರೆದರಾಯಿತು.

ಬೆಲೆ ಎಷ್ಟು? ಒಂದು ಮೆಟ್ಟಿಲು ಇಳಿದರೆ I(1/2) = ½·I(−1/2). ಇನ್ನೊಂದು ಮೆಟ್ಟಿಲು ಇಳಿಯಲು ಹೋದರೆ ಅಂಚಿನ ಪದದಲ್ಲಿ 1/√x ಬರುತ್ತದೆ. x = 0 ಕಡೆಯಲ್ಲಿ ಅದು ಸೊನ್ನೆಯಲ್ಲ, ಅನಂತ. ಅಲ್ಲಿಗೆ ಮೆಟ್ಟಿಲು ಮುಗಿಯಿತು. ಬೇರೆ ದಾರಿ ಹಿಡಿಯಬೇಕು. x = t² ಎಂದು ಆದೇಶಿಸಿದರೆ dx = 2t dt, ಛೇದದಲ್ಲಿದ್ದ √x ಆ t ಜೊತೆ ಹೊಡೆದುಹೋಗುತ್ತದೆ:

I(−1/2) = 2 ∫₀^∞ e^(−t²) dt

ಭಾಗಶಃ ಅನುಕಲನ ಇದನ್ನು ಬಿಡಿಸಲಾರದು. ಇದನ್ನು ಬಿಡಿಸುವ ಉಪಾಯ ಡಿಗ್ರಿ ತರಗತಿಯದು: ಇದೇ ಅನುಕಲನವನ್ನು ಇನ್ನೊಂದು ಅಕ್ಷರದಲ್ಲಿ ಬರೆದು ಎರಡನ್ನೂ ಗುಣಿಸಿ, ಸಮತಲದ ಕಾಲು ಭಾಗದ ಮೇಲೆ ವೃತ್ತಗಳ ಲೆಕ್ಕದಲ್ಲಿ ಕೂಡಿಸುವುದು. ಕೋನದಿಂದ π/2, ತ್ರಿಜ್ಯದಿಂದ ½, ಗುಣಲಬ್ಧ π/4. ಅದರ ವರ್ಗಮೂಲ √π/2. ಹಾಗಾಗಿ I(−1/2) = √π, ಮತ್ತು ಅರ್ಧದ ಫ್ಯಾಕ್ಟೋರಿಯಲ್ √π/2, ಅಂದರೆ ಸುಮಾರು 0.886.

0! ಮತ್ತು 1! ಎರಡೂ 1. ನಡುವೆಯೂ 1 ಇರಬೇಕು ಎಂದು ಊಹಿಸಿದವರು ಇಲ್ಲಿ ಬೆರಗಾಗುತ್ತಾರೆ. ರೇಖೆ ನಡುವೆ ಸ್ವಲ್ಪ ಜೋಲು ಬಿದ್ದಿದೆ. ಇಲ್ಲಿಂದ ಮೇಲಕ್ಕೆ ಹತ್ತುವುದು ಸುಲಭ: ಒಂದೂವರೆಯ ಫ್ಯಾಕ್ಟೋರಿಯಲ್ 1.5 × 0.886, ಸುಮಾರು 1.33. ಎರಡೂವರೆಯದು ಅದರ 2.5 ಪಟ್ಟು, ಸುಮಾರು 3.32, ಇದು 2! ಮತ್ತು 3!, ಅಂದರೆ 2 ಮತ್ತು 6ರ ನಡುವೆ ಬರುತ್ತದೆ.

ಪುಸ್ತಕಗಳಲ್ಲಿ ಇದಕ್ಕೆ ಗ್ಯಾಮಾ ಫಂಕ್ಷನ್ ಎಂದು ಹೆಸರು. ಹೆಸರು ಮತ್ತು Γ ಚಿಹ್ನೆ ಫ್ರಾನ್ಸಿನ ಲೆಜೆಂಡರ್‌ನವು. ಆದರೆ ಘಾತದಲ್ಲಿ ಒಂದು ಕಡಿಮೆ ಮಾಡಿ ಬರೆಯುವ ರೂಢಿಯಿಂದಾಗಿ Γ(n+1) = n! ಆಗಿದೆ. ಈ ಒಂದರ ವ್ಯತ್ಯಾಸದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಎಡವುತ್ತಾರೆ, Γ(4)ಕ್ಕೆ 24 ಬರೆದುಬಿಡುತ್ತಾರೆ. ಅದು 6. ಸಂಶಯ ಬಂದರೆ ಘಾತವನ್ನು ನೋಡಿ: Γ(4)ರೊಳಗೆ ಇರುವುದು x³. ಮೊದಲಿನವರು ಹೀಗೇಕೆ ಬರೆದರೋ, ನನಗಂತೂ n! ರೂಪವೇ ಇಷ್ಟ.

ಕೊನೆಯದಾಗಿ ಒಂದು ಮಾತು. ಆರಂಭದಲ್ಲಿ x³ ಅನ್ನು ಅವಕಲಿಸುವುದೇ ಸರಿ ಎಂದೆ. ತಿರುಗಿಸಿ ಮಾಡಿದರೆ ಏನಾಗುತ್ತದೆ? x³ ಅನುಕಲಿಸಿದರೆ x⁴/4, ಕೊನೆಗೆ I(3) = I(4)/4 ಎಂದು ಬರುತ್ತದೆ. ಸುಳ್ಳಲ್ಲ, ಆದರೆ ಇಳಿಯುವ ಬದಲು ಹತ್ತುತ್ತಿದ್ದೇವೆ, ಕೆಲಸ ಮುಗಿಯುವುದಿಲ್ಲ. ಪರೀಕ್ಷೆಯಲ್ಲಿ ನಿಮ್ಮ ಘಾತ ಹೆಚ್ಚುತ್ತಾ ಹೋದರೆ ಆಯ್ಕೆ ತಿರುಗಾ ಆಗಿದೆ ಎಂದು ತಿಳಿಯಿರಿ. ಆದರೆ ಇದೇ ತಿರುಗಾ ಸೂತ್ರ, I(n) = I(n+1)/(n+1), ಇನ್ನೊಂದು ಕಡೆ ಕೆಲಸಕ್ಕೆ ಬರುತ್ತದೆ. n ಎಂಬುದು −1ಕ್ಕಿಂತ ಕೆಳಗೆ ಹೋದರೆ ಸೊನ್ನೆಯ ಹತ್ತಿರ ವಿಸ್ತೀರ್ಣ ಅನಂತವಾಗಿ ಅನುಕಲನ ನಿಂತುಹೋಗುತ್ತದೆ, ಸೂತ್ರ ನಿಲ್ಲುವುದಿಲ್ಲ. n = −3/2 ಇಟ್ಟರೆ √π ಅನ್ನು −½ರಿಂದ ಭಾಗಿಸಿ −2√π ಕೊಡುತ್ತದೆ. ಅಕ್ಷದ ಮೇಲಿರುವ ವಕ್ರರೇಖೆಯ ವಿಸ್ತೀರ್ಣ ಋಣವಾಗಲು ಸಾಧ್ಯವೇ? ಇಲ್ಲ. ಹಾಗಾಗಿ ಇಲ್ಲಿ ಸಿಕ್ಕಿದ್ದು ವಿಸ್ತೀರ್ಣವಲ್ಲ. ಸೂತ್ರವನ್ನು ಉಳಿಸಿಕೊಂಡು ಫಂಕ್ಷನ್ ಅನ್ನು ಮುಂದಕ್ಕೆ ಎಳೆದಾಗ ಸಿಕ್ಕ ಬೆಲೆ. ಅದನ್ನು ಎಳೆಯಲಾಗದ ಜಾಗಗಳೂ ಇವೆ. n = −1 ಇಟ್ಟರೆ I(0) ಅನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಅಲ್ಲಿ ಬೆಲೆ ಇಲ್ಲದ್ದರಿಂದ −2ಕ್ಕೂ −3ಕ್ಕೂ ಮುಂದಿನ ಯಾವ ಋಣ ಪೂರ್ಣಾಂಕಕ್ಕೂ ಬೆಲೆ ಸಿಗುವುದಿಲ್ಲ, ನಡುವಿನ ಭಿನ್ನರಾಶಿಗಳಿಗೆಲ್ಲ ಸಿಗುತ್ತದೆ.