ಬೆಚ್ಚಗಿನ ಅನ್ನದಲ್ಲಿ ಅಡಗಿರುವ ಅಪಾಯ



ಸ್ವಸಹಾಯ ಸಂಘದ ಮೂಲಕ ಅಡುಗೆಯ ಕಸುಬನ್ನು ಕೈಗೊಳ್ಳುವವರು ಆಹಾರ ಸುರಕ್ಷತಾ ತರಬೇತಿ ಪಡೆದು, ಅದರ ಕೊನೆಯಲ್ಲಿ ಪರೀಕ್ಷೆಯನ್ನೂ ಬರೆಯುವುದುಂಟು. ಅಲ್ಲಿ ಕೇಳುವ ಉಷ್ಣಮಾನದ ಪ್ರಶ್ನೆಗಳು ನಿಮ್ಮ ಮನೆಯ ಅಡುಗೆಗೂ ಸಂಬಂಧಿಸಿದವು.

ಬ್ಯಾಕ್ಟೀರಿಯಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದು ಬೆಳೆಯುತ್ತವೆ. ಶೈತ್ಯದಲ್ಲಿ ಅವುಗಳ ಜೀವಕ್ರಿಯೆ ನಿಧಾನವಾಗುತ್ತದೆ, ಆದರೆ ಅವು ಸಾಯುವುದಿಲ್ಲ. ಶಾಖ ಏರಿದಂತೆ ಆ ಕ್ರಿಯೆ ಚುರುಕಾಗುತ್ತದೆ. ಮಿತಿ ಮೀರಿದ ಶಾಖದಲ್ಲಿ ಅವುಗಳೊಳಗಿನ ಸಸಾರಜನಕ, ಬೇಯಿಸಿದ ಮೊಟ್ಟೆಯ ಬಿಳಿಭಾಗದಂತೆ ಗಟ್ಟಿಯಾಗಿ ಕೆಟ್ಟುಹೋಗುತ್ತದೆ. ಇವೆರಡರ ನಡುವಣ 5ರಿಂದ 60 ಡಿಗ್ರಿ ಸೆಲ್ಸಿಯಸ್ ಅವಧಿಯೇ ಅಪಾಯದ ವಲಯ. ನಮ್ಮ ಮೈಶಾಖವಾದ 37 ಡಿಗ್ರಿಯ ಆಸುಪಾಸಿನಲ್ಲಿ ರೋಗಕಾರಕಗಳ ಬೆಳವಣಿಗೆ ಅತಿ ಶೀಘ್ರ.

ಅನ್ನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿಯ ಬೀಜಕಗಳು ಕುದಿಯುವ ನೀರಿನಲ್ಲಿಯೂ ಬದುಕಿ ಉಳಿಯಬಲ್ಲವು. ಸೀಮಂತದ ಊಟಕ್ಕೆಂದು ಬೆಳಗಿನ ಜಾವವೇ ದೊಡ್ಡ ಹಂಡೆಯಲ್ಲಿ ಅನ್ನ ಮಾಡಿ ಮುಚ್ಚಿಟ್ಟರೆ, ಅದರ ನಡುಭಾಗ ಬಹಳ ಹೊತ್ತು ಬೆಚ್ಚಗಿದ್ದು ಬೀಜಕಗಳು ಮೊಳೆಯುತ್ತವೆ. ಒಂದು ಗ್ರಾಂ ಅನ್ನದಲ್ಲಿ 10 ಜೀವಿಗಳಿದ್ದು, ಮೊಳೆತ ಬಳಿಕ 20 ನಿಮಿಷಕ್ಕೊಮ್ಮೆ ದ್ವಿಗುಣವಾದವೆಂದು ಎಣಿಸಿರಿ. ಐದು ಗಂಟೆಗಳಲ್ಲಿ ಅವು 15 ಬಾರಿ ದ್ವಿಗುಣಗೊಂಡು 3 ಲಕ್ಷವನ್ನು ಮೀರುತ್ತವೆ. ಅನ್ನದ ವಾಸನೆಯಾಗಲಿ ರುಚಿಯಾಗಲಿ ಕೆಡದೆ ಇರಬಹುದು. ಇವು ಅನ್ನದಲ್ಲಿ ಬಿಡುವ, ವಾಂತಿ ತರಿಸುವ ವಿಷವು ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ. ಆದುದರಿಂದ ಇಂಥ ಅನ್ನವನ್ನು ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಅಪಾಯ ತಪ್ಪದು.

ಪರೀಕ್ಷಕರು ಅಂಕಿಗಳನ್ನು ನೇರವಾಗಿ ಕೇಳುವುದಕ್ಕಿಂತ ಸಂದರ್ಭವನ್ನು ಮುಂದಿಡುವುದು ಹೆಚ್ಚು. “ಬಡಿಸುವ ಪಾತ್ರೆಯಲ್ಲಿ ಸಾಂಬಾರು 52 ಡಿಗ್ರಿ ಇದೆ, ಹಬೆಯಾಡುತ್ತಿದೆ. ಇದು ಸುರಕ್ಷಿತವೇ?” ಕೈಗೆ ಬಿಸಿ ತಾಗಿದೊಡನೆ ಹೌದೆನ್ನಬೇಡಿರಿ. 52 ಎಂಬುದು ಅಪಾಯದ ವಲಯದೊಳಗಿದೆ. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರದ ತಪಾಸಣಾ ಪಟ್ಟಿಯಂತೆ ಬಿಸಿ ಆಹಾರವನ್ನು 65 ಡಿಗ್ರಿಯಲ್ಲಿ, ಮಾಂಸಾಹಾರವನ್ನು 70 ಡಿಗ್ರಿಯಲ್ಲಿ, ತಣ್ಣನೆಯ ಆಹಾರವನ್ನು 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಇಡಬೇಕು. ವಲಯದ ಮೇಲಿನ ಎಲ್ಲೆ 60, ಬಿಸಿಯಾಗಿ ಇಡುವ ನಿಯಮ 65. ಇವೆರಡನ್ನು ಬೆರೆಸಿ ಕೇಳುವುದೇ ಪ್ರಶ್ನೆಯ ತೊಡಕು. ಉಷ್ಣಮಾಪಕವನ್ನು ಪಾತ್ರೆಯ ಅಂಚಿಗೆ ತಾಗಿಸದೆ, ಆಹಾರದ ನಟ್ಟನಡುವೆ ಇಳಿಸಿ ಅಳೆಯಬೇಕೆಂಬುದೂ ಉತ್ತರದ ಭಾಗ.

ಉಷ್ಣಮಾಪಕವಿಲ್ಲದ ಮನೆಯಲ್ಲಿ ಊಟದ ಹೊತ್ತಿಗೆ ಸರಿಯಾಗಿ ಅನ್ನ ಮಾಡಿರಿ. ಉಳಿದುದನ್ನು ಶೈತ್ಯಪೆಟ್ಟಿಗೆಯಲ್ಲಿ ಇಡುವುದಾದರೆ ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಬೇಗ ಆರಿಸಿ ಒಳಗಿಡಿರಿ. ಹೊರಗೆ ಬಹಳ ಹೊತ್ತು ಬೆಚ್ಚಗೆ ಉಳಿದ ಅನ್ನವನ್ನು ಮಕ್ಕಳಿಗಾಗಲಿ ಗರ್ಭಿಣಿಯರಿಗಾಗಲಿ ಬಡಿಸಬೇಡಿರಿ.