ಅಪ್ಪನ ಖಾತೆ ಮುಚ್ಚಲು ಬರೆದ ಪತ್ರ

(ಬರ್ಚ್‌ವುಡ್‌ನಲ್ಲಿ ನಡೆದ ನಮ್ಮ ವಾರ್ಷಿಕ ಕೂಟದಲ್ಲಿ ಆಡಿದ ಮಾತು)

ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್. ವೇದಿಕೆ ಮೇಲೆ ನಿಂತು ಮಾತಾಡಿ ಅಭ್ಯಾಸ ಇಲ್ಲ. ಆದರೂ ಒಂದು ವಿಷಯ ಹೇಳ್ತೀನಿ, ಯಾಕಂದ್ರೆ ಇಲ್ಲಿ ಕೂತಿರುವ ಸುಮಾರು ಜನರ ಅಪ್ಪ ಅಮ್ಮ ಊರಲ್ಲೇ ಇದ್ದಾರೆ.

ನಮ್ಮೂರು ತಿಪಟೂರಿನ ಹತ್ತಿರ. ಅಪ್ಪ ತೀರಿಕೊಂಡಾಗ ಬ್ಯಾಂಕಿನಲ್ಲಿ ಕೊಬ್ಬರಿ ಮಾರಿದ ದುಡ್ಡು 2,86,000 ರೂಪಾಯಿ ಉಳಿತಾಯ ಖಾತೆಯಲ್ಲೂ, 1,50,000 ಠೇವಣಿಯಲ್ಲೂ ಇತ್ತು. ಎರಡಕ್ಕೂ ನಾಮಿನಿ ಇರಲಿಲ್ಲ. ತಿಥಿ ಮುಗಿದ ಮರುದಿನ ನಮ್ಮ ಭಾವ, "ಎಟಿಎಂ ಕಾರ್ಡೂ ಪಿನ್ನೂ ಇದೆಯಲ್ಲ, ದಿನಾ ಸ್ವಲ್ಪ ಸ್ವಲ್ಪ ತೆಗೆದುಬಿಡೋಣ" ಅಂದರು. ಸುಲಭವಾಗಿಯೇ ಕಾಣಿಸ್ತು. ಆದರೆ ಸತ್ತವರ ಕಾರ್ಡಿನಿಂದ ಹಣ ತೆಗೆಯೋದು ತಪ್ಪು. ಯಾವ ದಿನ ಎಷ್ಟು ಹೋಯಿತು ಅಂತ ಸ್ಟೇಟ್‌ಮೆಂಟ್‌ನಲ್ಲಿ ಬರುತ್ತೆ, ನಾಳೆ ಮನೆಯವರಲ್ಲೇ ಜಗಳಕ್ಕೆ ಅದೇ ಸಾಕ್ಷಿ ಆಗುತ್ತೆ. ನಮ್ಮ ಕೆಲಸದಲ್ಲಿ ಮೊದಲು ಮೇನ್ ಆಫ್ ಮಾಡ್ತೀವಲ್ಲ, ಹಾಗೆ ಮೊದಲು ಮರಣದ ವಿಷಯ ಬ್ಯಾಂಕಿಗೆ ತಿಳಿಸಿ ಕಾರ್ಡ್ ನಿಲ್ಲಿಸಿದ್ವಿ.

ಆಮೇಲೆ ನಾನು ಇಲ್ಲಿಂದಲೇ ಒಂದು ಪತ್ರ ಬರೆದೆ. "ನಾನು ಒಬ್ಬನೇ ಮಗ, ಹಣವನ್ನು ನನ್ನ ತಾಯಿಗೆ ಕೊಡಿ" ಅಂತ ನಾಲ್ಕು ಸಾಲು. ಅದು ವಾಪಸ್ ಬಂತು. ಬರಬೇಕಾದ್ದೇ. ಎರಡು ತಪ್ಪಿದ್ದವು.

ಮೊದಲನೇದು ವಾರಸುದಾರರ ಲೆಕ್ಕ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಂತ ಹಣದಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಅವನ ತಾಯಿ, ಎಲ್ಲರಿಗೂ ಸಮಪಾಲು. ಮಗಳಿಗೆ ಮದುವೆ ಆಗಿರಲಿ ಬಿಡಲಿ, ಪಾಲು ಇದ್ದೇ ಇದೆ. ತಾಯಿ ಅಂದ್ರೆ ನಮ್ಮ ಅಜ್ಜಿ. ಎಂಬತ್ತು ದಾಟಿ, ಜಗಲಿ ಮೇಲೆ ಕೂತಿರೋ ಅಜ್ಜಿಯನ್ನ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ತಾತ ಬದುಕಿದ್ದಿದ್ದರೆ ಈ ಮೊದಲ ಸಾಲಿನಲ್ಲಿ ಅವರಿಗೆ ಪಾಲು ಬರ್ತಿರಲಿಲ್ಲ, ಅಜ್ಜಿಗೆ ಮಾತ್ರ ಬರುತ್ತೆ. ಹಾಗಾಗಿ ಅಮ್ಮ, ಅಕ್ಕ, ನಾನು, ಅಜ್ಜಿ ನಾಲ್ಕು ಜನ. ಒಟ್ಟು 4,36,000ದಲ್ಲಿ ತಲಾ 1,09,000. ನಾಮಿನಿ ಇದ್ದಿದ್ದರೆ ಬ್ಯಾಂಕು ಸುಲಭವಾಗಿ ಅವರ ಕೈಗೆ ಕೊಡ್ತಿತ್ತು. ಆದರೆ ನಾಮಿನಿ ಅಂದ್ರೆ ಹಣ ಪಡೆಯುವವನು ಅಷ್ಟೇ, ಉಳಿದ ವಾರಸುದಾರರ ಪಾಲು ಅದರಿಂದ ಅಳಿಯಲ್ಲ.

ಎರಡನೇ ತಪ್ಪು ಹೆಸರು. ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರು 'ಅಪ್ಪ' ಅಂತ ಮುಗಿದಿತ್ತು, ಮರಣ ಪ್ರಮಾಣಪತ್ರದಲ್ಲಿ 'ಅಯ್ಯ' ಅಂತ. ನಮ್ಮ ಕಡೆ ಇದು ಮಾಮೂಲಿ, ಬ್ಯಾಂಕಿಗೆ ಮಾತ್ರ ಇಬ್ಬರು ಬೇರೆ ಮನುಷ್ಯರು. ಎರಡೂ ಹೆಸರು ಒಬ್ಬರದ್ದೇ ಅಂತ ಅಮ್ಮ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದ್ದು ಅದಕ್ಕೇ.

ಹಣ ಹಂಚುವ ಮಾತು ಬಂದಾಗ ನನ್ನ ಪಾಲು ಅಮ್ಮನಿಗೇ ಇರಲಿ ಅಂದೆ. ಅಕ್ಕನೂ ಹಾಗೇ ಅಂದಳು. ಅಜ್ಜಿಯೂ ಒಪ್ತಾರೆ ಅಂದ್ಕೊಂಡು ಕಾಗದ ತಯಾರು ಮಾಡಿಸಿದ್ದೆ. ಫೋನಿನಲ್ಲಿ ಅಜ್ಜಿ, "ನನ್ನ ಮಗ ದುಡಿದಿದ್ದು ಕಣಪ್ಪ. ಮಾತ್ರೆಗೆ ಸೊಸೆ ಹತ್ರ ಕೈ ಚಾಚಕ್ಕಾಗಲ್ಲ, ನನ್ನ ಪಾಲು ನಂಗಿರ್ಲಿ" ಅಂದರು. ನನಗೆ ನಾಚಿಕೆ ಆಯ್ತು. ಕೇಳದೇ ಹೆಬ್ಬೆಟ್ಟು ಒತ್ತಿಸಿಕೊಂಡು ಬರೋದು ಎಷ್ಟು ಮನೆಗಳಲ್ಲಿ ನಡೆಯುತ್ತೆ, ನಿಮಗೂ ಗೊತ್ತು. ಕೊನೆಗೆ ಹೋದ ಪತ್ರ ಇದು:

"ಶಾಖಾ ವ್ಯವಸ್ಥಾಪಕರಿಗೆ,

ವಿಷಯ: ಮೃತ ಖಾತೆದಾರರ ಉಳಿತಾಯ ಖಾತೆ ಮತ್ತು ಠೇವಣಿ ಮುಚ್ಚಿ ವಾರಸುದಾರರಿಗೆ ಹಣ ಪಾವತಿಸುವ ಬಗ್ಗೆ.

ಮಾನ್ಯರೇ, ಮೇಲ್ಕಂಡ ಖಾತೆದಾರರು ಉಯಿಲು ಬರೆಯದೆ ಮರಣ ಹೊಂದಿರುತ್ತಾರೆ. ಖಾತೆಗೆ ನಾಮನಿರ್ದೇಶನ ಇರುವುದಿಲ್ಲ. ಅವರಿಗೆ ಪತ್ನಿ, ಒಬ್ಬ ಮಗಳು, ಒಬ್ಬ ಮಗ ಹಾಗೂ ತಾಯಿ, ಈ ನಾಲ್ವರನ್ನು ಬಿಟ್ಟು ಬೇರೆ ಮೊದಲ ವರ್ಗದ ವಾರಸುದಾರರು ಇರುವುದಿಲ್ಲ. ಮಗ ಮತ್ತು ಮಗಳು ತಮ್ಮ ಪಾಲನ್ನು ಪತ್ನಿಗೆ ಪಾವತಿಸಲು ಆಕ್ಷೇಪಣೆ ಇಲ್ಲವೆಂದು ಪತ್ರ ನೀಡಿರುತ್ತಾರೆ. ಆದ್ದರಿಂದ ಬಡ್ಡಿ ಸಹಿತ ಒಟ್ಟು ಮೊತ್ತದ ನಾಲ್ಕನೇ ಒಂದು ಭಾಗವನ್ನು ತಾಯಿಯ ಖಾತೆಗೂ, ಉಳಿದದ್ದನ್ನು ಪತ್ನಿಯ ಖಾತೆಗೂ ಜಮಾ ಮಾಡಬೇಕಾಗಿ ಕೋರುತ್ತೇವೆ.

ಲಗತ್ತು: ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ವಂಶವೃಕ್ಷ ಪ್ರಮಾಣಪತ್ರ, ಹೆಸರಿನ ಅಫಿಡವಿಟ್, ಹಕ್ಕುದಾರರ ಗುರುತಿನ ಚೀಟಿ ಪ್ರತಿ, ಇಂಡೆಮ್ನಿಟಿ ಬಾಂಡ್, ಎರಡು ಆಕ್ಷೇಪಣೆ ಇಲ್ಲದ ಪತ್ರ, ಪಾಸ್‌ಬುಕ್, ಠೇವಣಿ ರಸೀದಿ, ಎಟಿಎಂ ಕಾರ್ಡ್.

ಅರ್ಜಿ ಸ್ವೀಕರಿಸಿದ ಬಗ್ಗೆ ದಿನಾಂಕ ಸಹಿತ ಸ್ವೀಕೃತಿ ನೀಡಬೇಕಾಗಿ ವಿನಂತಿ."

ವಂಶವೃಕ್ಷ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸಿಗುತ್ತೆ. ಅದರಲ್ಲಿ ಅಜ್ಜಿಯ ಹೆಸರೂ ಇದೆಯಾ ಅಂತ ಕೌಂಟರ್ ಬಿಡೋ ಮುಂಚೆ ನೋಡಿ. ಇಂಡೆಮ್ನಿಟಿ ಬಾಂಡ್ ಅಂದ್ರೆ, ನಾಳೆ ಬೇರೆ ವಾರಸುದಾರ ಬಂದು ಕೇಳಿದರೆ ನಷ್ಟ ನಾವೇ ತುಂಬಿಕೊಡ್ತೀವಿ ಅಂತ ಹಣ ತಗೊಳ್ಳೋರು ಬ್ಯಾಂಕಿಗೆ ಬರೆದುಕೊಡೋದು.

ನನ್ನ ಆಕ್ಷೇಪಣೆ ಇಲ್ಲದ ಪತ್ರವೇ ಹೆಚ್ಚು ಓಡಾಡಿಸಿದ್ದು. ಸಹಿ ಮಾಡಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದೆ, ಒಪ್ಪಲಿಲ್ಲ. ಪರದೇಶದಲ್ಲಿ ಮಾಡಿದ ಸಹಿ ನನ್ನದೇ ಅಂತ ಯಾರಾದರೂ ದೃಢೀಕರಿಸಬೇಕು. ಭಾರತದ ಕಾನ್ಸುಲೇಟಿನಲ್ಲಿ ಮಾಡಿಸೋದು ಒಂದು ದಾರಿ. ಇಲ್ಲಿಯ ನೋಟರಿಯಿಂದ ಮಾಡಿಸಿ ಅದಕ್ಕೆ ಅಪೋಸ್ಟಿಲ್ ಹಾಕಿಸೋದು ಇನ್ನೊಂದು. ಮೊದಲೆಲ್ಲ ನಾವು ಬರ್ಮಿಂಗ್‌ಹ್ಯಾಮ್‌ಗೆ ಹೋಗಬೇಕಿತ್ತು. 2025ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲೂ ಕಾನ್ಸುಲೇಟ್ ಶುರುವಾಗಿದೆ, ಬರ್ಚ್‌ವುಡ್ ಸ್ಟೇಷನ್ನಿಂದ ನೇರ ರೈಲು. ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಬೇಡಿ, ಸಹಿ ಅಧಿಕಾರಿಯ ಮುಂದೆ ಆಗಬೇಕು. ಪತ್ರದ ಒಕ್ಕಣೆ ಬ್ಯಾಂಕಿನದೇ ನಮೂನೆಯಲ್ಲಿ ಇರಲಿ, ಅದನ್ನ ಊರಿನವರ ಹತ್ರ ಮೊದಲೇ ತರಿಸ್ಕೊಳ್ಳಿ. ಸ್ಟ್ಯಾಂಪ್ ಶುಲ್ಕ ಬೇಕು ಅಂದರೆ, ಹೊರದೇಶದಲ್ಲಿ ಸಹಿ ಆದ ಪತ್ರ ಭಾರತ ಮುಟ್ಟಿದ ಮೂರು ತಿಂಗಳೊಳಗೆ ಕಟ್ಟಬೇಕು. ಕವರನ್ನ ಬೀರುವಿನಲ್ಲಿಟ್ಟು ಮರೆತರೆ ಮತ್ತೆ ತೊಂದರೆ.

ಶಾಖೆಯಲ್ಲಿ ಮೊದಲು "ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ" ಅಂದರು. ಕೋರ್ಟಿಗೆ ಹೋಗಿದ್ದರೆ ತಿಂಗಳುಗಟ್ಟಲೆ ಅಲೆದಾಟ, ವಕೀಲರ ಫೀಜು ಬೇರೆ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಇದಕ್ಕೇ ನಿರ್ದೇಶನ ಹೊರಡಿಸಿದೆ, 2026ರ ಮಾರ್ಚ್ 31ರೊಳಗೆ ಎಲ್ಲ ಬ್ಯಾಂಕೂ ಜಾರಿಗೆ ತರಬೇಕು ಅಂತ. ಅದರ ಪ್ರಕಾರ ನಾಮಿನಿ ಇಲ್ಲದಿದ್ದರೂ, ವಾರಸುದಾರರ ನಡುವೆ ತಕರಾರು ಇಲ್ಲದಿದ್ದರೆ, ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಸರಳ ವಿಧಾನದಲ್ಲೇ ಕೊಡಬೇಕು. ಎಲ್ಲ ದಾಖಲೆ ತಲುಪಿದ 15 ದಿನದೊಳಗೆ ಇತ್ಯರ್ಥ ಮಾಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಅದಕ್ಕೇ ಪತ್ರದ ಕೊನೆಯಲ್ಲಿ ಸ್ವೀಕೃತಿ ಕೇಳಿದ್ದು. ತಾರೀಖು ಇಲ್ಲದಿದ್ದರೆ 15 ದಿನ ಯಾವತ್ತಿನಿಂದ ಎಣಿಸ್ತೀರಿ? ಒಬ್ಬ ವಾರಸುದಾರ ಒಪ್ಪದಿದ್ದರೆ ಮಾತ್ರ ಈ ದಾರಿ ಮುಚ್ಚುತ್ತೆ, ಆಗ ಕೋರ್ಟೇ ಗತಿ.

ನಿಮ್ಮಲ್ಲಿ ಯಾರಾದರೂ ಸ್ವಂತ ಪಾಲು ತಗೊಳ್ಳೋದಾದ್ರೆ, ಊರಿನ ಹಳೇ ಉಳಿತಾಯ ಖಾತೆಗೆ ಹಾಕಿಸ್ಕೋಬೇಡಿ. ಅನಿವಾಸಿಗಳ ಎನ್‌ಆರ್‌ಒ ಖಾತೆಗೆ ಬರಬೇಕು.

ಅಜ್ಜಿಗೆ ಖಾತೆಯೇ ಇರಲಿಲ್ಲ. ಅಕ್ಕ ಆಟೋದಲ್ಲಿ ಕೂರಿಸ್ಕೊಂಡು ಹೋಗಿ ಹೊಸದು ತೆರೆಸಿದಳು. ನಾಮಿನಿ ಯಾರು ಅಂತ ಅಲ್ಲಿ ಕೇಳಿದಾಗ ಅಜ್ಜಿ ಹೇಳಿದ್ದು ನಮ್ಮಮ್ಮನ ಹೆಸರು.